ಸಹಾಯ ಬೇಕು: ಶಾಲೆಗೆ ಕೊಡುವ ಲ್ಯಾಪ್‌ಟಾಪ್‌ನಲ್ಲಿ ಬಯೋಸ್ ಪಾಸ್‌ವರ್ಡ್ ಹೋಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನನ್ನ ಹಳೆಯ ಲ್ಯಾಪ್‌ಟಾಪನ್ನು ನಮ್ಮೂರ ಶಾಲೆಯ ಕಂಪ್ಯೂಟರ್ ಲ್ಯಾಬ್‌ಗೆ ಕೊಡಬೇಕು ಅಂತಿದ್ದೇನೆ. ಅರ್ಧ ಕೆಲಸ ಮುಗಿದಿದೆ, ಉಳಿದರ್ಧದಲ್ಲಿ ಸಿಕ್ಕಿಕೊಂಡಿದ್ದೇನೆ.

ಡಿಸ್ಕ್‌ಗೆ ಬಿಟ್‌ಲಾಕರ್ ಇತ್ತು. ಟಿಪಿಎಂ ಮೊದಲು ಅಳಿಸಿದರೆ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ, ಅಲ್ವಾ? ಅದಕ್ಕೇ ಮೊದಲು ಬಿಟ್‌ಲಾಕರ್ ತೆಗೆದೆ:

```
manage-bde -off C:
manage-bde -status C:
```

ಎರಡನೆಯದು `Fully Decrypted` ಎಂದು ತೋರಿಸುವವರೆಗೆ ಕಾದೆ. ಆಮೇಲೆ `tpm.msc` ತೆರೆದು `Clear TPM` ಕೊಟ್ಟೆ. ರೀಸ್ಟಾರ್ಟ್ ಆದಾಗ ಒಂದು ಕೀ ಒತ್ತಿ ಒಪ್ಪಿಗೆ ಕೊಡಲು ಕೇಳಿತು, ಕೊಟ್ಟೆ. ಅಲ್ಲಿಗೆ ಅದು ಮುಗಿಯಿತು.

ತೊಂದರೆ ಬಯೋಸ್‌ನದು. ಹಿಂದೊಮ್ಮೆ ನಾನೇ ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿದ್ದೆ, ಈಗ ಸುತರಾಂ ನೆನಪಿಲ್ಲ. ಪಾಸ್‌ವರ್ಡ್ ಇಲ್ಲದೆ ಒಳಗೆ ನೋಡಬಹುದು, ಏನನ್ನೂ ಬದಲಿಸಲು ಬಿಡುವುದಿಲ್ಲ. ಬೂಟ್ ಆರ್ಡರ್ ಕೂಡ ಮಸುಕಾಗಿದೆ. ಹಾಗಾಗಿ ಪೆನ್‌ಡ್ರೈವ್‌ನಿಂದ ಉಬುಂಟು ಹಾಕಲು ಆಗುತ್ತಿಲ್ಲ. ಶಾಲೆಯವರು ಕೇಳಿದ್ದೇ ಅದನ್ನು!

ಯಾರೋ ಹೇಳಿದರು ಅಂತ ಬಯೋಸ್‌ನ ಗುಂಡಿ ಬ್ಯಾಟರಿ ತೆಗೆದು ಒಂದು ರಾತ್ರಿ ಬಿಟ್ಟೆ. ತಾರೀಖು ಮಾತ್ರ ಹಿಂದಕ್ಕೆ ಹೋಯಿತು, ಪಾಸ್‌ವರ್ಡ್ ಹಾಗೇ ಇದೆ. ಅದು ಕರೆಂಟ್ ಇಲ್ಲದೆಯೂ ಉಳಿಯುವ ಚಿಪ್‌ನಲ್ಲಿ ಕೂತಿರಬೇಕು.

ರಿಪೇರಿ ಅಂಗಡಿಯವರು ಆ ಚಿಪ್ಪನ್ನೇ ಮತ್ತೆ ಬರೆಯಬೇಕು ಅನ್ನುತ್ತಾರೆ. ಯಾರಾದರೂ ಮಾಡಿಸಿದ್ದೀರಾ? ಸೀರಿಯಲ್ ನಂಬರ್ ಅಳಿಸಿಹೋಗುವ ಭಯ ಇದೆಯೇ? ಖರೀದಿಯ ಬಿಲ್ ನನ್ನ ಬಳಿ ಇದೆ. ಅದನ್ನು ತೋರಿಸಿದರೆ ಕಂಪನಿಯ ಸರ್ವಿಸ್ ಸೆಂಟರ್‌ನವರು ತೆಗೆದುಕೊಡುತ್ತಾರಾ, ಇಲ್ಲ ಮದರ್‌ಬೋರ್ಡ್ ಬದಲಿಸಿ ಅನ್ನುತ್ತಾರಾ?