ಚರಂಡಿ ಕೆಲಸದ ಆರ್‌ಟಿಐ ಅರ್ಜಿಗೆ 'ಇದು ಮಾಹಿತಿಯಲ್ಲ' ಎಂಬ ಉತ್ತರ ಬಂದಿದೆ: ಹೇಗೆ ತಿದ್ದಿ ಬರೆಯಲಿ?

ಮಳೆಹನಿ:
ನಮ್ಮ ಬೀದಿಯ ಚರಂಡಿ ಕೆಲಸ ಅರ್ಧಕ್ಕೆ ನಿಂತು ಒಂಬತ್ತು ತಿಂಗಳಾಯಿತು. ಗ್ರಾಮ ಪಂಚಾಯಿತಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ದೆ. ಬರೆದದ್ದು ಹೀಗೆ:

"ನಮ್ಮ ಬೀದಿಯ ಚರಂಡಿ ಕೆಲಸ ಯಾಕೆ ನಿಂತಿದೆ? ಬಂದ ಹಣ ಎಲ್ಲಿಗೆ ಹೋಯಿತು? ಇಷ್ಟು ಕಳಪೆ ಕೆಲಸಕ್ಕೆ ಬಿಲ್ ಮಾಡಿದ್ದು ಸರಿಯೇ? ಯಾವಾಗ ಮುಗಿಸುತ್ತೀರಿ? ಮಕ್ಕಳು ಕೊಳಚೆ ದಾಟಿ ಶಾಲೆಗೆ ಹೋಗುತ್ತಿದ್ದಾರೆ, ದಯವಿಟ್ಟು ಎಲ್ಲ ಮಾಹಿತಿ ಕೊಡಿ."

ಇಪ್ಪತ್ತೆರಡನೇ ದಿನ ಒಂದೇ ಸಾಲಿನ ಉತ್ತರ ಬಂತು: "ತಾವು ಕೋರಿರುವುದು ಸೆಕ್ಷನ್ 2(ಎಫ್) ಪ್ರಕಾರ ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ." ನಾನು ಕೇಳಿದ್ದರಲ್ಲಿ ತಪ್ಪೇನಿದೆ ಅಂತ ನಿಜಕ್ಕೂ ತಿಳಿಯುತ್ತಿಲ್ಲ.

ಗದ್ದೆಬದು:
ಉತ್ತರವೇ ತಪ್ಪು. ಸೆಕ್ಷನ್ 4(1)(ಡಿ) ನೋಡಿ. ಕಚೇರಿ ತನ್ನ ತೀರ್ಮಾನಕ್ಕೆ ಕಾರಣ ಕೊಡಲೇಬೇಕು ಅಂತ ಅಲ್ಲಿದೆ. 'ಯಾಕೆ' ಅಂತ ಧಾರಾಳವಾಗಿ ಕೇಳಬಹುದು. ತಿದ್ದುವ ಗೋಜಿಗೆ ಹೋಗದೆ ನೇರ ಮೇಲ್ಮನವಿ ಹಾಕಿ.

ಅಂಚೆಪೆಟ್ಟಿಗೆ:
ನನ್ನದೂ ಇದೇ ಗೋಳು. ತಾತನ ಜಮೀನಿನ ಹಳೇ ಮ್ಯುಟೇಶನ್ ನಕಲು ಬೇಕು, ಆರ್‌ಟಿಐ ಹಾಕಿದರೆ ಬೇಗ ಸಿಗುತ್ತದೆಯೇ?

ಹಳೇಕಡತ:
ಅಂಚೆಪೆಟ್ಟಿಗೆಯವರೇ, ನಿಮ್ಮದು ಬೇರೆ ದಾರಿ. ಮ್ಯುಟೇಶನ್ ನಕಲಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲು ಅರ್ಜಿ ಕೊಡುವ ಮಾಮೂಲಿ ಕ್ರಮವಿದೆ. ಸರ್ವೆ ನಂಬರ್, ಗ್ರಾಮ, ಹೋಬಳಿ, ಗೊತ್ತಿದ್ದರೆ ಎಂ.ಆರ್. ನಂಬರ್ ಮತ್ತು ವರ್ಷ ಬರೆದು ಮೊದಲು ಅದನ್ನೇ ಹಾಕಿ.

ಮಳೆಹನಿಯವರೇ, ನಾನು ಕಚೇರಿಯಲ್ಲಿ ಟಪಾಲು ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ನಿಮ್ಮ ಪತ್ರದಲ್ಲಿ ನೋವಿದೆ, ಆದರೆ ಬೀರುವಿನಿಂದ ತೆಗೆದುಕೊಡಬಹುದಾದ ಒಂದು ಕಾಗದದ ಹೆಸರೂ ಇಲ್ಲ. ಆರ್‌ಟಿಐ ಕೊಡಿಸುವುದು ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆಯನ್ನು. ಅಧಿಕಾರಿ ಕೂತು ಹೊಸದಾಗಿ ವಿವರಣೆ ಬರೆದುಕೊಡಬೇಕಾಗಿಲ್ಲ, ಅಭಿಪ್ರಾಯ ಹೇಳಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಸಿಬಿಎಸ್‌ಇ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. 'ಸರಿಯೇ', 'ಯಾವಾಗ ಮುಗಿಸುತ್ತೀರಿ' ಎಂಬ ಎರಡೂ ಅಲ್ಲೇ ಬಿದ್ದುಹೋಗುತ್ತವೆ.

ಗದ್ದೆಬದು ಹೇಳಿದ 4(1)(ಡಿ) ಇರುವುದು ನಿಜ. ಆದರೆ ಅದು ಕಚೇರಿ ಕೈಗೊಂಡ ತೀರ್ಮಾನದಿಂದ ಬಾಧಿತರಾದವರಿಗೆ. ಇಲ್ಲಿ ಕೆಲಸ ನಿಲ್ಲಿಸಿ ಎಂಬ ಆದೇಶ ಇದೆಯೋ, ಗುತ್ತಿಗೆದಾರ ಸುಮ್ಮನೆ ಬಿಟ್ಟುಹೋದನೋ ನಿಮಗೇ ಗೊತ್ತಿಲ್ಲ. ಅದು ಗೊತ್ತಾಗುವುದು ಕಡತದ ಟಿಪ್ಪಣಿ ಹಾಳೆಯಲ್ಲಿ. ಹಾಗಾಗಿ 'ಯಾಕೆ' ಎನ್ನುವ ಜಾಗದಲ್ಲಿ ಟಿಪ್ಪಣಿ ಹಾಳೆ ಮತ್ತು ಗುತ್ತಿಗೆದಾರನಿಗೆ ಕಳಿಸಿದ ನೋಟಿಸುಗಳನ್ನು ಕೇಳಿ. ಕಾರಣ ಇದ್ದರೆ ಅಲ್ಲೇ ಇರುತ್ತದೆ. ಒಂದು ನೋಟಿಸೂ ಕೊಟ್ಟಿಲ್ಲವಾದರೆ ಅದೂ ಅಲ್ಲೇ ಬಯಲಾಗುತ್ತದೆ.

'ಹಣ ಎಲ್ಲಿಗೆ ಹೋಯಿತು' ಎಂಬುದಕ್ಕೆ ಮೂರು ಕಾಗದ ಬೇಕು: ಮಂಜೂರಾದ ಎಸ್ಟಿಮೇಟ್, ಅಳತೆ ಪುಸ್ತಕದ ಪುಟಗಳು, ಪಾವತಿಯಾದ ಬಿಲ್. ಎಸ್ಟಿಮೇಟಿನಲ್ಲಿ 120 ಮೀಟರ್ ಎಂದಿದ್ದು, ಅಳತೆ ಪುಸ್ತಕದಲ್ಲೂ 120 ಬರೆದು ಬಿಲ್ ಆಗಿದ್ದರೆ, ಬೀದಿಯಲ್ಲಿ ಟೇಪ್ ಹಿಡಿದಾಗ 70 ಬಂದರೆ, ಆಮೇಲೆ ನೀವು ಯಾರಿಗೂ ಪ್ರಶ್ನೆ ಕೇಳಬೇಕಾಗಿಲ್ಲ. ಅಳತೆ ಪುಸ್ತಕ ಬಿಟ್ಟು ಬರೀ ಬಿಲ್ ಕೇಳುವುದು ಹೆಚ್ಚಿನವರು ಮಾಡುವ ತಪ್ಪು. ಬಿಲ್ಲಿನಲ್ಲಿ ಮೊತ್ತ ಕಾಣುತ್ತದೆ, ಎಲ್ಲಿಂದ ಎಲ್ಲಿಗೆ ಅಳೆದರು, ಯಾವ ದಿನ ಅಳೆದರು ಎಂಬುದು ಪುಸ್ತಕದಲ್ಲೇ ಇರುವುದು.

ಹೀಗೆ ಬರೆಯಿರಿ:

> ವಿಷಯ: ಚರಂಡಿ ಕಾಮಗಾರಿಯ ದಾಖಲೆಗಳ ದೃಢೀಕೃತ ನಕಲು ಕೋರಿ.
>
> ಮಾಹಿತಿ ಹಕ್ಕು ಅಧಿನಿಯಮ 2005ರ ಸೆಕ್ಷನ್ 6(1)ರಡಿ, (ಗ್ರಾಮ, ವಾರ್ಡ್) (ಇಲ್ಲಿಂದ ಇಲ್ಲಿಯವರೆಗೆ) (ವರ್ಷ) ಸಾಲಿನಲ್ಲಿ ಕೈಗೊಂಡ ಚರಂಡಿ ಕಾಮಗಾರಿಗೆ ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ನಕಲುಗಳನ್ನು ಒದಗಿಸಬೇಕೆಂದು ಕೋರುತ್ತೇನೆ:
>
> 1. ಮಂಜೂರಾದ ಅಂದಾಜು ಪಟ್ಟಿ ಮತ್ತು ಕಾರ್ಯಾದೇಶ.
> 2. ಅಳತೆ ಪುಸ್ತಕದಲ್ಲಿ ಈ ಕಾಮಗಾರಿಯ ಪುಟಗಳು.
> 3. ಈವರೆಗೆ ಪಾವತಿಸಿದ ಬಿಲ್ಲುಗಳು.
> 4. ಕಾರ್ಯಾದೇಶದ ದಿನದಿಂದ ಈ ಅರ್ಜಿಯ ದಿನದವರೆಗಿನ ಟಿಪ್ಪಣಿ ಹಾಳೆಗಳು, ಗುತ್ತಿಗೆದಾರರಿಗೆ ನೀಡಿದ ನೋಟಿಸುಗಳು.

ಮಕ್ಕಳ ಕಷ್ಟ, ಕೊಳಚೆ, ಸಿಟ್ಟು ಯಾವುದೂ ಇದರಲ್ಲಿ ಬೇಡ. ಮಾಹಿತಿ ಯಾಕೆ ಬೇಕು ಎಂದು ಹೇಳಬೇಕಾಗಿಲ್ಲ ಅಂತ 6(2) ಹೇಳುತ್ತದೆ. ಆ ಮಾತುಗಳು ಇನ್ನೊಂದು ದೂರು ಪತ್ರಕ್ಕೆ ಸಲ್ಲುತ್ತವೆ, ಅದನ್ನು ಬೇರೆಯಾಗಿಯೇ ಕೊಡಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು ಎಂದಿದೆ. ದೂರನ್ನೂ ಸೇರಿಸಿದರೆ ಆ ನೆಪದಲ್ಲೇ ವಾಪಸ್ ಬರಬಹುದು.

ಗದ್ದೆಬದು:
150 ಪದದ ನಿಯಮ ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಮೂಲ ಕಾಯ್ದೆಯಲ್ಲಿ ಇಲ್ಲದ್ದನ್ನು ನಿಯಮದಲ್ಲಿ ತರುವುದು ಹೇಗೆ ಸರಿ? ಅರ್ಜಿ ಬರೆಯಲು ತಿಳಿಯದವರಿಗೆ ಅಧಿಕಾರಿಯೇ ನೆರವಾಗಬೇಕು ಅಂತಲೂ ಕಾಯ್ದೆಯಲ್ಲಿದೆ.

ಹಳೇಕಡತ:
'ಸಾಮಾನ್ಯವಾಗಿ' ಎಂಬ ಪದ ಇರುವುದರಿಂದ ವಾದ ಮಾಡಬಹುದು, ಮಾಡಿ. ಆದರೆ ಅದಕ್ಕೆ ಮಳೆಹನಿಯವರ ತಿಂಗಳುಗಳನ್ನು ಬಲಿಕೊಡುವುದು ಬೇಡ. ನೆರವಿನ ಮಾತು ನೀವು ಹೇಳಿದ್ದು ಸರಿ. ಆ ಒಂದು ಸಾಲಿನ ಉತ್ತರ ಕೊಡುವ ಬದಲು ಯಾವ ದಾಖಲೆ ಬೇಕು ಎಂದು ಅವರು ಕರೆದು ಕೇಳಬಹುದಿತ್ತು. ಮೊದಲ ಮೇಲ್ಮನವಿಗೆ ಉತ್ತರ ಕೈಸೇರಿದ ದಿನದಿಂದ 30 ದಿನ ಇದೆ, ಹಾಕಿದರೆ ತಪ್ಪಿಲ್ಲ. ನನ್ನ ಅನುಭವದಲ್ಲಿ ಹಳೇ ಪ್ರಶ್ನೆಗಳನ್ನೇ ಹಿಡಿದು ಮೇಲ್ಮನವಿಗೆ ಹೋದವರಿಗಿಂತ ಹೊಸ ಅರ್ಜಿ ಬರೆದವರಿಗೆ ಕಾಗದ ಬೇಗ ಸಿಕ್ಕಿದೆ.

ಮಳೆಹನಿ:
ತುಂಬಾ ಉಪಕಾರವಾಯಿತು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸೇರಿಸಿ ನಿನ್ನೆ ಹೊಸ ಅರ್ಜಿ ಕೊಟ್ಟೆ, ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡೆ. ಕಾಮಗಾರಿಯ ಹೆಸರು ಸರಿಯಾಗಿ ಗೊತ್ತಿರಲಿಲ್ಲ, "ಶಾಲೆಯ ಗೇಟಿನಿಂದ ನೀರಿನ ಟ್ಯಾಂಕಿನವರೆಗೆ" ಅಂತ ಬರೆದೆ. ತೆಗೆದುಕೊಂಡವರು ಮಾತ್ರ "ಅಳತೆ ಪುಸ್ತಕ ಎಂಜಿನಿಯರ್ ಆಫೀಸಿನಲ್ಲಿದೆ, ಅಲ್ಲೇ ಕೇಳಿ" ಎಂದರು. ಇನ್ನೊಂದು ಅರ್ಜಿ ಹಾಕಬೇಕೇ?

ಹಳೇಕಡತ:
ಈಗ ಬೇಡ. ಬೇರೆ ಪ್ರಾಧಿಕಾರದ ಬಳಿ ಇರುವುದಾದರೆ 6(3)ರ ಪ್ರಕಾರ ಆ ಭಾಗವನ್ನು ಅವರೇ ವರ್ಗಾಯಿಸಿ ನಿಮಗೆ ಪತ್ರ ಬರೆಯಬೇಕು, ಅದಕ್ಕೆ ಐದು ದಿನದ ಗಡುವಿದೆ. ಬಾಯಿಮಾತಿನಲ್ಲಿ ಹೇಳಿದ್ದನ್ನು ಲೆಕ್ಕಕ್ಕೆ ಇಡಬೇಡಿ. ನಕಲಿನ ಶುಲ್ಕ ಕಟ್ಟಿ ಎಂಬ ಪತ್ರ ಬಂದರೆ ಕೂಡಲೇ ಕಟ್ಟಿ. ಎ4 ಪುಟಕ್ಕೆ 2 ರೂಪಾಯಿ. ಆ ಪತ್ರ ಕಳಿಸಿದ ದಿನದಿಂದ ನೀವು ಕಟ್ಟುವವರೆಗಿನ ದಿನಗಳು ಅವರು ಮಾಹಿತಿ ಕೊಡಬೇಕಾದ 30 ದಿನಗಳ ಗಡುವಿನಲ್ಲಿ ಸೇರುವುದಿಲ್ಲ.

ಗದ್ದೆಬದು:
ಆ ಐದು ದಿನದೊಳಗೆ ವರ್ಗಾಯಿಸಿದ್ದನ್ನು ನಾನಂತೂ ಕಂಡಿಲ್ಲ. ಎಂಜಿನಿಯರ್ ಆಫೀಸಿಗೂ ಒಂದು ಅರ್ಜಿ ಹಾಕಿಬಿಡಿ, ಹತ್ತು ರೂಪಾಯಿ ತಾನೇ.

ಮಳೆಹನಿ:
ಆರನೇ ದಿನದವರೆಗೆ ಕಾಯುತ್ತೇನೆ. ಪತ್ರ ಬರದಿದ್ದರೆ ಎರಡನೇ ಅಂಶವನ್ನಷ್ಟೇ ಇಟ್ಟುಕೊಂಡು ಅಲ್ಲಿಗೂ ಹಾಕುತ್ತೇನೆ. ಅಷ್ಟರಲ್ಲಿ ಟೇಪ್ ತಂದು ಗೇಟಿನಿಂದ ಟ್ಯಾಂಕಿನವರೆಗೆ ಅಳೆದು, ಫೋಟೋ ತೆಗೆದಿಡುತ್ತೇನೆ.