ಎಂಟಕ್ಕೆ ಬರಬೇಕಾದವಳು ಒಂಬತ್ತೂವರೆಗೆ ಬಂದರೆ ಏನು ಮಾಡುತ್ತೀರಿ? ಅನುಭವ ಇದ್ದವರು ಹೇಳಿ

ನೈಟ್ ಡ್ಯೂಟಿಯವಳು, ದಾವಣಗೆರೆ

ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನೈಟ್ ಮುಗಿಸಿ ಬೆಳಿಗ್ಗೆ 8ಕ್ಕೆ ಹ್ಯಾಂಡೋವರ್ ಕೊಡಬೇಕು. ನನ್ನ ಬ್ಯಾಚಿನವಳೇ ಬರಬೇಕು, ವಾರದಲ್ಲಿ ನಾಲ್ಕು ದಿನ 9 ದಾಟುತ್ತದೆ. ಅಲ್ಲಿವರೆಗೆ ಅವಳ ಕೆಲಸ ನಾನೇ ಮಾಡುತ್ತೇನೆ. ಇನ್‌ಚಾರ್ಜ್ ಕೇಳಿದರೆ 'ಲ್ಯಾಬ್‌ಗೆ ಹೋದಳು' ಅನ್ನುತ್ತೇನೆ. ದೂರು ಕೊಡೋಕೆ ಮನಸ್ಸು ಬರಲ್ಲ. ನೀವೆಲ್ಲ ಏನು ಮಾಡಿದಿರಿ?

ಮಿಲ್ಲಿನಲ್ಲಿದ್ದವನು

ನಾನು ಸ್ಪಿನ್ನಿಂಗ್ ಮಿಲ್ಲಿನಲ್ಲಿ 22 ವರ್ಷ ರಿಂಗ್ ಫ್ರೇಮ್ ನೋಡಿದವನು. ನನ್ನ ಷಡ್ಡಕನೂ ಅಲ್ಲೇ ಇದ್ದ. ಅವನು ಬರದ ದಿನ ಅವನ ಕಾರ್ಡ್ ನಾನೇ ಒತ್ತಿ, ಅವನ ಫ್ರೇಮ್ ನಾನೇ ನಿಂತು ನಡೆಸಿದೆ. ಒಂದೇ ವರ್ಷದಲ್ಲಿ 14 ಸಲ. ಎಲ್ಲ ಬರೆದಿಟ್ಟಿದ್ದೇನೆ, ಡೈರಿ ಈಗಲೂ ಇದೆ. ಆ 14 ದಿನದ ಕೂಲಿ ಅವನಿಗೇ ಹೋಯಿತು, ಪಿಎಫ್ ಕೂಡ ಅವನ ಹೆಸರಿಗೇ. ನನ್ನ ಕಾಲಿನ ನರ ಉಬ್ಬಿದ್ದು ಮಾತ್ರ ನನಗೆ ಉಳಿಯಿತು. ಅವನ ಮಗಳ ಮದುವೆಗೆ ನನ್ನನ್ನು ಕರೆಯಲಿಲ್ಲ.

ಅಮ್ಮಾ, ನೀನು ಓವರ್‌ಟೈಮ್ ಕೇಳು. ನಮ್ಮ ಕಾಲದಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ದಾಟಿದರೆ ಡಬಲ್ ಕೊಡಲೇಬೇಕು ಅಂತ ಕಾನೂನು ಇತ್ತು. ನಮ್ಮಲ್ಲಿ ಗೇಟಿನ ಹೊರಗೆ ಬದಲಿಯವರು ನಿಂತಿರುತ್ತಿದ್ದರು. ಸೈರನ್ ಆಗಿ ಸ್ವಲ್ಪ ಹೊತ್ತು ನೋಡಿ ಬದಲಿಯವನನ್ನು ಒಳಗೆ ಕರೆಯುತ್ತಿದ್ದರು. ತಡವಾಗಿ ಬಂದವನು ವಾಪಸ್ ಮನೆಗೆ. ಹಾಗೆ ಮಾಡಿದರೆ ಎಲ್ಲರೂ ಟೈಮಿಗೆ ಬರುತ್ತಾರೆ.

ಹಳೇ ಸಿಸ್ಟರ್

ಅಣ್ಣಾ, ನೀವು ಹೇಳಿದ್ದು ಫ್ಯಾಕ್ಟರಿ ಕಾಯ್ದೆ. ಅದು ಆಸ್ಪತ್ರೆಗೆ ಬರುತ್ತಿರಲಿಲ್ಲ. ವಾರ್ಡಿನ ಬಾಗಿಲಲ್ಲಿ ಬದಲಿ ಸಿಸ್ಟರ್ ಯಾರೂ ನಿಂತಿರುವುದಿಲ್ಲ.

ನನ್ನದು ಹೇಳುತ್ತೇನೆ. ಸರ್ಜಿಕಲ್ ವಾರ್ಡಿನಲ್ಲಿದ್ದೆ, ಏಳು ತಿಂಗಳು ಒಬ್ಬಳನ್ನು ಹೀಗೇ ಕಾಪಾಡಿದೆ. ಹ್ಯಾಂಡೋವರ್ ಬುಕ್ಕಿನಲ್ಲಿ ಸಮಯದ ಕಾಲಂ ಇರುತ್ತದಲ್ವಾ? ಅವಳು ಎಷ್ಟೊತ್ತಿಗೆ ಬಂದರೂ ಅಲ್ಲಿ 8.00 ಅಂತ ಬರೆದು ಇಬ್ಬರೂ ಸೈನ್ ಹಾಕುತ್ತಿದ್ದೆವು.

ಒಂದು ದಿನ ಕಾಲಿಗೆ ಡ್ರೆಸ್ಸಿಂಗ್ ಇದ್ದ ಅಜ್ಜ ಒಬ್ಬರು. ಬೆಳಿಗ್ಗೆ ತಿಂಡಿಗೆ ಮುಂಚೆ 10 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಇತ್ತು. ಅವರ ಮಗ ಇಡ್ಲಿ ತಂದು ಕಾಯುತ್ತಿದ್ದ. ಶುಗರ್ ನೋಡಿ 8.10ಕ್ಕೆ ನಾನೇ ಕೊಟ್ಟೆ. ಚಾರ್ಟಿನಲ್ಲಿ ಸೈನ್ ಹಾಕಲಿಲ್ಲ. ಯಾಕೆ ಗೊತ್ತಾ? ಬುಕ್ಕಿನ ಪ್ರಕಾರ ನಾನು 8ಕ್ಕೇ ಹೋಗಿಯಾಗಿದೆ! 8.10ರ ಸೈನ್ ನನ್ನದಿದ್ದರೆ ಅವಳು ಸಿಕ್ಕಿಬೀಳುತ್ತಾಳೆ. ಅವಳು ಬಂದ ಮೇಲೆ ಅವಳೇ ಹಾಕಲಿ ಅಂತ ಖಾಲಿ ಬಿಟ್ಟೆ. ಅವಳು 9.20ಕ್ಕೆ ಬಂದಳು. ನಾನು ನಿಂತ ಕಾಲಲ್ಲೇ ನಾಲ್ಕು ಮಾತು ಹೇಳಿ ಹೊರಟೆ. ಇನ್ಸುಲಿನ್ ವಿಷಯ ಹೇಳಿದೆ ಅಂತ ನನಗೆ ನೆನಪು, ಕೇಳಲೇ ಇಲ್ಲ ಅಂತ ಅವಳು. ಚಾರ್ಟ್ ಖಾಲಿ ನೋಡಿ ಇನ್ನೊಂದು 10 ಯೂನಿಟ್ ಕೊಟ್ಟಳು.

ಹನ್ನೊಂದರ ಮೇಲೆ ಅಜ್ಜ ಮಾತಾಡದೆ ಮಲಗಿದ್ದಾರೆ. ನಿದ್ದೆ ಅಂದುಕೊಂಡರಂತೆ. ಆಯಾ ಬೆಡ್‌ಶೀಟ್ ಎಳೆಯಲು ಹೋದಾಗ ಬನಿಯನ್ ಬೆವರಿಗೆ ಹಿಂಡುವಷ್ಟು ಒದ್ದೆ, ಕೈ ತಣ್ಣಗೆ. ಶುಗರ್ 48. ತಕ್ಷಣ 25% ಡೆಕ್ಸ್‌ಟ್ರೋಸ್ ಐವಿ ಕೊಟ್ಟರು. ಕಾಲು ಗಂಟೆ ಬಿಟ್ಟು ನೋಡಿದಾಗ ಏರಿತ್ತು, ಅಜ್ಜ ಮಗನ ಹೆಸರು ಹಿಡಿದು ಕರೆದರು. ಆದರೂ ಸಂಜೆವರೆಗೆ ಗಂಟೆಗೊಮ್ಮೆ ಬೆರಳು ಚುಚ್ಚಿದರು.

ವಿಚಾರಣೆಯಲ್ಲಿ ನಾನು '8.10ಕ್ಕೆ ನಾನು ಕೊಟ್ಟಿದ್ದೆ' ಅಂದೆ. 'ನೀವು 8ಕ್ಕೇ ಹೋಗಿದ್ದೀರಲ್ಲ, ನಿಮ್ಮದೇ ಸೈನ್ ಇದೆ' ಅಂದರು. ನನಗೆ ಬಾಯಿ ಬರಲಿಲ್ಲ. ಇಬ್ಬರಿಗೂ ಮೆಮೊ. ನನ್ನ ಒಂದು ವರ್ಷದ ಇನ್‌ಕ್ರಿಮೆಂಟ್ ಹೋಯಿತು. ತಿಂಗಳಿಗೆ 900 ರೂಪಾಯಿ, ಆಗ ಅದು ನನ್ನ ಮಗನ ಟ್ಯೂಷನ್ ಫೀಸು.

ಆಮೇಲೆ ನಾನು ದೂರು ಬರೆಯಲಿಲ್ಲ. ನಿಜವಾದ ಸಮಯ ಬರೆಯತೊಡಗಿದೆ, ಅಷ್ಟೆ. 9.05 ಆದರೆ 9.05. ಕೊಟ್ಟ ಔಷಧಿಗೆ ಕೊಟ್ಟ ಕೈಯೇ, ಆ ಕ್ಷಣವೇ ಸೈನ್. ಹ್ಯಾಂಡೋವರ್ ಬೆಡ್ ಬೆಡ್‌ಗೆ ಹೋಗಿ, ಚಾರ್ಟ್ ಇಬ್ಬರೂ ನೋಡಿ. ಎರಡನೇ ವಾರಕ್ಕೆ ಇನ್‌ಚಾರ್ಜ್ ತಾನೇ ಬುಕ್ ನೋಡಿ ಅವಳನ್ನು ಕರೆಸಿದರು.

ಹರಿಹರದವಳು

ನಾನು ಆ ತಡವಾಗಿ ಬರುವವಳು. ನಿಮ್ಮ ವಾರ್ಡಿನವಳಲ್ಲ, ಆದರೆ ಅಂಥವಳೇ. ಅತ್ತೆಗೆ ವಾರಕ್ಕೆ ಮೂರು ಡಯಾಲಿಸಿಸ್. ಬೆಳಿಗ್ಗೆ ಅವರಿಗೆ ತಿಂಡಿ ಕೊಟ್ಟು, ಆಟೋ ಹತ್ತಿಸಿ, ಮಗುವನ್ನು ಸ್ಕೂಲ್ ವ್ಯಾನಿಗೆ ಬಿಟ್ಟು ಓಡಬೇಕು. ವ್ಯಾನ್ ಬರುವುದೇ 7.50ಕ್ಕೆ. ಹರಿಹರದಿಂದ ದಾವಣಗೆರೆಗೆ ಹಾರಿಕೊಂಡು ಬರಲಾ? ಬುಕ್ಕಿನಲ್ಲಿ ನಿಜ ಬರೆದೆ ಅಂತ ಹೆಮ್ಮೆಯಿಂದ ಹೇಳುತ್ತೀರಿ. ಒಂದು ಸಲ ಅವಳ ಹತ್ತಿರ ಕೂತು 'ಯಾಕೆ ತಡ' ಅಂತ ಕೇಳಿದಿರಾ ಅಕ್ಕ?

ಮಿಲ್ಲಿನಲ್ಲಿದ್ದವನು

ಈಗ ಹೆಂಗಸರಿಗೆ ಬಸ್ಸು ಫ್ರೀ. ರಷ್ಷು ಜಾಸ್ತಿ, ಅದಕ್ಕೇ ಎಲ್ಲರೂ ಲೇಟು.

ಹರಿಹರದವಳು

ಫ್ರೀ ಆಗಿದ್ದು 2023ರ ಜೂನ್‌ನಲ್ಲಿ. ನಿಮ್ಮ ಷಡ್ಡಕ ಅದಕ್ಕೂ ಮುಂಚೆ ಯಾವ ಬಸ್ಸಿನಲ್ಲಿ ಬರುತ್ತಿದ್ದರು? ನಾನು ಬೆಳಿಗ್ಗೆ ಖಾಸಗಿ ಬಸ್ಸಿಗೆ ದುಡ್ಡು ಕೊಟ್ಟು ನಿಂತುಕೊಂಡು ಬರುತ್ತೇನೆ. ನಿಮಗೆ ಏನು ಗೊತ್ತು?

ಮಿಲ್ಲಿನಲ್ಲಿದ್ದವನು

ನನ್ನ ಷಡ್ಡಕನ ಸುದ್ದಿ ನಾನು ಎತ್ತಬಹುದು, ನೀನು ಎತ್ತಬೇಡ.

ಚಳ್ಳಕೆರೆ ಮೇಷ್ಟ್ರು

ಎಲ್ಲರೂ ಸುತ್ತಿ ಬಳಸಿ ಹೇಳುತ್ತಿದ್ದೀರಿ. ನೇರ ಮೇಲಿನವರಿಗೆ ಬರೆದು ಕೊಡಿ. ನಾನು ಕೊಟ್ಟೆ. ನಮ್ಮ ಶಾಲೆಯಲ್ಲಿ ಒಬ್ಬರು ಮೊದಲನೇ ಪೀರಿಯಡ್‌ಗೆ ಯಾವತ್ತೂ ಇಲ್ಲ. ಅವರ 8 ಬಿ, ನನ್ನ 8 ಎ ಎರಡನ್ನೂ ಒಂದೇ ಕೋಣೆಗೆ ತುಂಬಿ ಒಂದು ವರ್ಷ ಗಣಿತ ಮಾಡಿದೆ. 71 ಮಕ್ಕಳು. ಹಿಂದಿನ ಸಾಲಿನವರಿಗೆ ಬೋರ್ಡೇ ಕಾಣುತ್ತಿರಲಿಲ್ಲ. ದೂರು ಕೊಟ್ಟ ಮೇಲೆ ಅವರು ಟೈಮಿಗೆ ಬಂದರು. ಸ್ಟಾಫ್ ರೂಮಿನಲ್ಲಿ ಎರಡು ವರ್ಷ ನನಗೆ ಯಾರೂ ಟೀ ಕೊಡಲಿಲ್ಲ. ಕೊಡದಿದ್ದರೆ ಬೇಡ.

ಹಳೇ ಸಿಸ್ಟರ್

ಮೇಷ್ಟ್ರೇ, ನಿಮ್ಮದು ಸರ್ಕಾರಿ ನೌಕರಿ. ಇಲ್ಲಿ ದೂರು ಅಂದರೆ ಅವಳನ್ನು ಮರುದಿನವೇ ತೆಗೆಯುತ್ತಾರೆ. ಅವಳ ಜಾಗಕ್ಕೆ ಯಾರೂ ಬರುವುದಿಲ್ಲ, ಅವಳ ಬೆಡ್‌ಗಳೂ ನಮ್ಮ ತಲೆಗೇ.

ಹರಿಹರದ ತಂಗಿ, ಕೇಳಲಿಲ್ಲ, ನಿಜ. ಏಳು ತಿಂಗಳು ಸುಳ್ಳು ಹೇಳಿ ಕಾಪಾಡಿದೆ, 'ಯಾಕೆ' ಅಂತ ಒಂದು ದಿನವೂ ಕೇಳಲಿಲ್ಲ. ಇನ್‌ಚಾರ್ಜ್ ಕೇಳಿದರು. ಅವಳದ್ದೂ ಸ್ಕೂಲ್ ವ್ಯಾನಿನ ತಾಪತ್ರಯವೇ. ಮಧ್ಯಾಹ್ನ 2ರ ಡ್ಯೂಟಿಗೆ ಹಾಕಿದರು, ಆಮೇಲೆ ಒಂದು ದಿನವೂ ತಡ ಮಾಡಲಿಲ್ಲ. ನಾನು ಸುಳ್ಳು ಸಮಯ ಬರೆಯುತ್ತಿದ್ದರಿಂದ ರೋಸ್ಟರ್ ಹಾಕುವವರಿಗೆ ತೊಂದರೆ ಇದೆ ಅಂತಲೇ ಗೊತ್ತಿರಲಿಲ್ಲ. ಅವಳು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ.

ಹರಿಹರದವಳು

ನಮ್ಮಲ್ಲಿ 2ರ ಡ್ಯೂಟಿ ಕೇಳಿದೆ. ಸೀನಿಯರ್‌ಗಳಿಗೆ ಮಾತ್ರ ಅಂದರು.

ನೈಟ್ ಡ್ಯೂಟಿಯವಳು, ದಾವಣಗೆರೆ

ನಿನ್ನೆ ರಾತ್ರಿ ಬುಕ್ ತಿರುವಿ ಹಾಕಿದೆ. ಕಳೆದ ತಿಂಗಳು ನನ್ನದು 11 ನೈಟ್. ಹನ್ನೊಂದಕ್ಕೂ 8.00 ಅಂತಲೇ ಇದೆ, ನನ್ನದೇ ಕೈಬರಹ. ಅಕ್ಕ, ಅವನ್ನು ಈಗ ತಿದ್ದಿಬಿಡಲಾ?

ಹಳೇ ಸಿಸ್ಟರ್

ಬೇಡ, ಹಳೇ ಪುಟ ಮುಟ್ಟಲೇಬೇಡ. ವೈಟ್ನರ್, ತಿದ್ದಿ ಬರೆಯುವುದು ಇನ್ನೂ ಕೆಟ್ಟದ್ದು. ನಾಳೆ ಅವಳು ಬಂದಾಗ ಗಡಿಯಾರ ನೋಡಿ ಬರಿ. ಬರೆಯುವ ಮುಂಚೆ, ಇವತ್ತೇ ಅವಳಿಗೆ ಫೋನ್ ಮಾಡಿ 'ನಾಳೆಯಿಂದ ನಿಜ ಬರೆಯುತ್ತೇನೆ' ಅಂತ ಹೇಳು. ನಾನು ಅದನ್ನು ಹೇಳಿರಲಿಲ್ಲ.