ಗಿಣಿಯೋ ಗಣಿಯೋ

ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ನಮ್ಮ ನಂಜುಂಡ ಮೊಬೈಲ್ ರಿಪೇರಿ ಅಂಗಡಿ ಹಾಕುವುದು ಖಾತ್ರಿಯಾಯಿತು. ಮಳಿಗೆ ಸಿಕ್ಕಿತು, ಅಡ್ವಾನ್ಸ್ ಕೊಟ್ಟಾಯಿತು, ಹೆಸರು ಮಾತ್ರ ಇಲ್ಲ. ಸಂಜೆ ಎದುರಿನ ಟೀ ಅಂಗಡಿಯಲ್ಲಿ ನಾನು, ಶಿವು, ಬೋರ್ಡ್ ಬರೆಯುವ ರಂಗಣ್ಣ ಸೇರಿದೆವು.

ನಂಜುಂಡ ಚೀಟಿ ಬಿಚ್ಚಿದ. "ಶ್ರೀ ಮಂಜುನಾಥೇಶ್ವರ ಮೊಬೈಲ್ ಸೇಲ್ಸ್ ಅಂಡ್ ಸರ್ವೀಸ್ ಸೆಂಟರ್. ಹೆಂಗೈತೆ?"

"ಲಗ್ನಪತ್ರಿಕೆ ಇದ್ದಂಗೈತೆ" ಅಂದ ಶಿವು.

ರಂಗಣ್ಣ ಬೆರಳು ಮಡಚಿ ಎಣಿಸಿದರು. "20 ಅಕ್ಷರ, ನಡುವೆ 6 ಖಾಲಿ ಜಾಗ. ನಿನ್ನ ಬೋರ್ಡು 10 ಅಡಿ ಅಗಲ, ಅಂದ್ರೆ 120 ಇಂಚು. ಒಂದೊಂದು ಅಕ್ಷರಕ್ಕೆ ನಾಲ್ಕೂವರೆ ಇಂಚು ಬರುತ್ತೆ. ಅಂಚು ಬಿಟ್ರೆ ನಾಲ್ಕು. ಎತ್ತರಾನೂ ಹೆಚ್ಚುಕಮ್ಮಿ ಅಷ್ಟೇ."

"ಸಾಕಲ್ವಾ ಅಣ್ಣ?"

"ನಮ್ಮ ಲೆಕ್ಕ ಹೇಳ್ತೀನಿ ಕೇಳು. ಆರಾಮಾಗಿ ಓದೋಕೆ 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಬೇಕು. ನಾಲ್ಕಿಂಚು ಅಂದ್ರೆ 40 ಅಡಿ. ಬೈಕಿನವನು ಗಂಟೆಗೆ 40 ಕಿಲೋಮೀಟರಲ್ಲಿ ಬಂದ್ರೆ ಸೆಕೆಂಡಿಗೆ 36 ಅಡಿ ಓಡ್ತಾನೆ. ಅವನಿಗೆ ಸಿಗೋದು ಒಂದು ಸೆಕೆಂಡು. ಮಂಜುನಾಥ ಅನ್ನೋ ಹೊತ್ತಿಗೆ ಸೆಂಟರು ಹಿಂದೆ ಹೋಗಿರುತ್ತೆ. ಓದಿ, ಬ್ರೇಕ್ ಹಾಕೋಣ ಅಂತ ಅನ್ಕೊಳ್ಳೋಕೆ ಮೂರು ಸೆಕೆಂಡಾದ್ರೂ ಬೇಡ್ವಾ? ಅದಕ್ಕೆ ಸುಮಾರು 110 ಅಡಿ ದೂರದಿಂದ ಕಾಣಬೇಕು. 11 ಇಂಚಿನ ಅಕ್ಷರ!"

ನಂಜುಂಡ ಪೆನ್ನು ತೆಗೆದು ಸೇಲ್ಸು, ಅಂಡು, ಸೆಂಟರು ಎಲ್ಲ ಹೊಡೆದು ಹಾಕಿದ. ದೇವರ ಹೆಸರಿಗೆ ಬಂದಾಗ ಕೈ ನಡುಗಿತು.

"ದೇವರನ್ನ ಒಳಗೆ ಫೋಟೋದಲ್ಲಿ ಇಟ್ಕೋ, ಮುನಿಸಿಕೊಳ್ಳಲ್ಲ" ಅಂದರು ರಂಗಣ್ಣ. "ಶ್ರೀ, ಶ್ವ ಎರಡಕ್ಕೂ ಒತ್ತು ಬರುತ್ತೆ. ಒತ್ತಿಗೆ ಕೆಳಗೆ ಜಾಗ ಬಿಡಬೇಕು. ಆ ಜಾಗಕ್ಕೋಸ್ಕರ ಇಡೀ ಸಾಲಿನ ಅಕ್ಷರ ಸಣ್ಣ ಮಾಡಬೇಕಾಗುತ್ತೆ. ಒಬ್ಬ ಕಾಲು ಚಾಚಿದ್ರೆ ಬೆಂಚಲ್ಲಿರೋರೆಲ್ಲ ಮುದುಡಿಕೊಂಡಂಗೆ."

ಇದು ನನಗೂ ಹೊಸದು. ಆಮೇಲೆ ರಸ್ತೆಯ ಬೋರ್ಡುಗಳನ್ನು ಬರೀ ಒತ್ತು ಹುಡುಕುತ್ತಾ ಓದುವ ಚಟ ಹತ್ತಿದೆ.

ಒತ್ತಿಲ್ಲದ ಹೆಸರಿನ ಬೇಟೆ ಶುರುವಾಯಿತು. ಶಿವುವಿನ 'ಸೆಲ್ ಡಾಕ್ಟರ್' ಒತ್ತಿನಿಂದಲೇ ಬಿತ್ತು. ನಂಜಣ್ಣ ಅಂದರೂ ಒತ್ತು. ಬರೀ 'ನಂಜು ಮೊಬೈಲ್' ಅಂದರೆ ಒತ್ತಿಲ್ಲ, ಆದರೆ ವಿಷ ಏರಿದ ಫೋನು ಅಂದುಕೊಂಡಾರು. 'ನಂದಿ' ಅಂದರೆ ಬೆಳಗ್ಗೆ ಆರಕ್ಕೇ ಬಂದು ಅರ್ಧ ಲೀಟರ್ ಹಾಲು ಕೇಳುತ್ತಾರೆ. ಮಗನ ಹೆಸರು ಪವನ್ ಇಡೋಣವೆಂದ ನಂಜುಂಡ. ರಂಗಣ್ಣ ತಲೆಯಾಡಿಸಿದರು. "ದೂರದಿಂದ ಪ, ವ ಎರಡೂ ಒಂದೇ ಥರ. ದಪ್ಪ ಬ್ರಷ್ಷಲ್ಲಿ ಬರೆದ್ರೆ ಪ ಒಳಗಿನ ಸಂದು ಮುಚ್ಚಿಹೋಗುತ್ತೆ. ವವನ್ ಆಗ್ತಾನೆ ನಿನ್ನ ಮಗ."

"ಮಗಳನ್ನ ಮನೇಲಿ ಗಿಣಿ ಅಂತ ಕರೀತೀವಿ" ಅಂದ ನಂಜುಂಡ, ಸೋತ ದನಿಯಲ್ಲಿ.

ಎಲ್ಲರೂ ಟೀ ಲೋಟ ಕೆಳಗಿಟ್ಟೆವು. ಎರಡೇ ಅಕ್ಷರ! ಮಾತಾಡುವ ಹಕ್ಕಿ, ಮಾತಾಡುವ ಫೋನು. ಬರೀ 'ಗಿಣಿ ರಿಪೇರಿ' ಸಾಕೆಂದ ಶಿವು. ಯಾರಾದರೂ ರೆಕ್ಕೆ ಮುರಿದ ಗಿಣಿ ತಂದರೆ ನೀನೇ ನೋಡ್ಕೋ ಅಂದೆ. 'ಗಿಣಿ ಮೊಬೈಲ್ ರಿಪೇರಿ' ಅಂತಾಯಿತು. 8 ಅಕ್ಷರ, 2 ಖಾಲಿ ಜಾಗ. 120 ಇಂಚಿಗೆ ತಲಾ 12. ಅಂಚು ಬಿಟ್ಟರೆ 11.

ರಂಗಣ್ಣ ಅಷ್ಟಕ್ಕೇ ಬಿಡಲಿಲ್ಲ. ಒಂದಡಿ ಅಗಲದ ಕಾಗದದ ಮೇಲೆ ಅದನ್ನು ಬರೆದು ಗೋಡೆಗೆ ಅಂಟಿಸಿದರು. ಬೋರ್ಡಿನ ಹತ್ತರಲ್ಲೊಂದು ಭಾಗ. ಹಾಗಾದರೆ 110 ಅಡಿಗೆ ಬದಲು 11 ಅಡಿ ದೂರದಿಂದ ನೋಡಿದರೆ ಸರಿ. ಹೆಸರು ಗೊತ್ತಿಲ್ಲದವರೇ ಓದಬೇಕು, ಗೊತ್ತಿದ್ದವರ ಕಣ್ಣು ಸುಳ್ಳು ಹೇಳುತ್ತೆ ಅಂತ ಟೀ ಅಂಗಡಿಯ ಹುಡುಗನನ್ನು ಕರೆದರು.

"ಮೂರು ಎಣಿಸೋದ್ರೊಳಗೆ ಓದಪ್ಪ."

"ಗಣಿ ಮೊಬೈಲ್ ರಿಪೇರಿ."

"ಬಳ್ಳಾರಿಗೇ ಹೋಗ್ಬೇಕು ಕಣೋ ನೀನು" ಅಂದ ಶಿವು.

ತಪ್ಪು ಗುಡಿಸಿನದು. ಅಕ್ಷರದ ಮೈ ದಪ್ಪ, ಮೇಲಿನ ಸುರುಳಿ ಸಣಕಲು. ರಂಗಣ್ಣ ಗುಡಿಸನ್ನೂ ಅಷ್ಟೇ ದಪ್ಪ ಮಾಡಿ, ಒಳಗಿನ ಸಂದು ಅಗಲ ಮಾಡಿ, ಹಳದಿ ಮೇಲೆ ಕಪ್ಪಿನಲ್ಲಿ ಮತ್ತೆ ಬರೆದರು. ಈ ಸಲ ಬಾಗಿಲಲ್ಲಿ ನಿಂತಿದ್ದ ಆಟೋದವರೂ ಸರಿಯಾಗಿ ಓದಿದರು.

ಅಂಗಡಿ ಮುಂದಿನ ಬೋರ್ಡು ರಸ್ತೆಯಲ್ಲಿ ಬರುವವನಿಗೆ ಓರೆಯಾಗಿಯೇ ಕಾಣುವುದಲ್ವಾ? ಅದಕ್ಕೆ ಗೋಡೆಯಿಂದ ಹೊರಚಾಚಿದ 2 ಅಡಿಯ ಸೈಡ್ ಬೋರ್ಡು ಬೇರೆ ಹಾಕಿಸಿದೆವು. ಅದರಲ್ಲಿ ಎರಡೂ ಕಡೆ ಗಿಣಿ ಅಂತ ಹೆಸರು, ಮೇಲೊಂದು ಹಸಿರು ಗಿಣಿಯ ಚಿತ್ರ.

ಶುರುವಾದ ದಿನ ಮೊದಲ ಗಿರಾಕಿ ಒಬ್ಬ ಅಜ್ಜಿ. ದೂರದಿಂದಲೇ ಬೋರ್ಡು ನೋಡಿ ನೇರ ಬಂದರು. ರಂಗಣ್ಣ ಮೀಸೆ ತಿರುವಿದರು.

"ಏನಪ್ಪಾ, ಗಿಣಿಶಾಸ್ತ್ರಕ್ಕೆ ಎಷ್ಟು ತಗೋತೀಯ?"

ನಂಜುಂಡ ಅಜ್ಜಿಯ ಕೈಲಿದ್ದ ಫೋನು ನೋಡಿದ. ಡಿಸ್ಪ್ಲೇ ಜೇಡರ ಬಲೆಯ ಹಾಗೆ ಒಡೆದಿತ್ತು.

"ಕೂತ್ಕೊಳ್ಳಿ ಅಜ್ಜಿ" ಅಂದ. "ಮೊದಲು ಇದರ ಭವಿಷ್ಯ ನೋಡೋಣ."